ಕಲಾವಿದರ ವಿಮಾನ ಖರ್ಚಿನಲ್ಲಿ ನಮಗೆ ಆದ ಮೋಸ

ಅಮೆರಿಕದಲ್ಲಿ ಕನ್ನಡ ಸಂಘ ನಡೆಸುವವರು ದಯವಿಟ್ಟು ಇದನ್ನು ಓದಿ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ತಂಡ ಕರೆಸುವ ಯೋಚನೆ ಇದ್ದರೆ, ಓದಿದ ಮೇಲೆಯೇ ಸಹಿ ಹಾಕಿ.

ನಾನು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಸಂಘದ ಖಜಾಂಚಿ. ಹೋದ ನವೆಂಬರ್‌ನಲ್ಲಿ ಆರು ಜನರ ಸಂಗೀತ ತಂಡವನ್ನು ಒಬ್ಬ ಏಜೆಂಟರ ಮೂಲಕ ಕರೆಸಿದೆವು. ಸಂಭಾವನೆ 8,000 ಡಾಲರ್. ವಿಮಾನಕ್ಕೆ ತಲಾ 1,500ರಂತೆ 9,000. ಶಾಲೆಯ ಸಭಾಂಗಣಕ್ಕೆ 3,000, ಸೌಂಡ್ ಮತ್ತು ಊಟಕ್ಕೆ ಇನ್ನೊಂದು 3,000. ಒಟ್ಟು 23,000. ಪ್ರಾಯೋಜಕರಿಂದ 9,000 ಬಂದಿತ್ತು. 30 ಡಾಲರ್‌ನ 480 ಟಿಕೆಟ್ ಹೋದರೆ ಸಾಕು ಅಂದುಕೊಂಡೆವು.

ಅವತ್ತು 480 ಸೀಟೂ ತುಂಬಿತ್ತು. ಎಷ್ಟು ಖುಷಿಯಾಗಿತ್ತು ಗೊತ್ತಾ! ರಾತ್ರಿ ಲೆಕ್ಕ ಹಾಕಿದರೆ ಅದರಲ್ಲಿ 90 ಪ್ರಾಯೋಜಕರಿಗೆ ಕೊಟ್ಟ ಪಾಸುಗಳು. ದುಡ್ಡು ಕೊಟ್ಟು ಬಂದವರು 390 ಜನ ಮಾತ್ರ. ಅದು ನಮ್ಮದೇ ತಪ್ಪು, ಒಪ್ಪುತ್ತೇನೆ. ಮೇಲೆ ತಂಡ ಸೌಂಡ್ ಚೆಕ್‌ಗೆ ಎರಡು ಗಂಟೆ ತಡವಾಗಿ ಬಂತು, ಕಾರ್ಯಕ್ರಮ ಎಳೆಯಿತು. ಶಾಲೆಯವರು ಹೆಚ್ಚುವರಿ ಸಮಯಕ್ಕೆ 600 ಡಾಲರ್ ಬಿಲ್ ಕಳಿಸಿದರು. ಒಟ್ಟು 2,900 ನಷ್ಟ.

ಆದರೆ ನನ್ನ ಹೊಟ್ಟೆ ಉರಿದಿದ್ದು ಇದಕ್ಕಲ್ಲ. ಎರಡು ವಾರ ಬಿಟ್ಟು ಟೆಕ್ಸಾಸ್‌ನ ಒಂದು ಸಂಘದ ಖಜಾಂಚಿ ಜೊತೆ ಮಾತಾಡುತ್ತಿದ್ದೆ. ಅದೇ ತಂಡ ಮುಂದಿನ ಶನಿವಾರ ಅವರಲ್ಲಿ ಹಾಡಿತ್ತು. "ವಿಮಾನಕ್ಕೆ ಎಷ್ಟು ಕೊಟ್ರಿ?" ಅಂದೆ. "ಒಂಬತ್ತು ಸಾವಿರ, ಬೆಂಗಳೂರಿನಿಂದ ಹೋಗಿ ಬರೋಕೆ" ಅಂದರು. ನ್ಯೂಜೆರ್ಸಿಯವರೂ ಅಷ್ಟೇ ಕೊಟ್ಟಿದ್ದರು. ಒಂದೇ ಪ್ರಯಾಣಕ್ಕೆ ಮೂರು ಸಂಘಗಳಿಂದ ಪೂರ್ತಿ ದುಡ್ಡು! ಫೋನ್ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟೆ. ನಮ್ಮ ಪಾಲಿನ ಮೂರು ಸಾವಿರಕ್ಕೆ ಒಳನಾಡಿನ ವಿಮಾನ ಸೇರಿಸಿದರೂ 4,500 ದಾಟುತ್ತಿರಲಿಲ್ಲ. ನಷ್ಟವೇ ಆಗುತ್ತಿರಲಿಲ್ಲ.

ಏಜೆಂಟರಿಗೆ ಫೋನ್ ಮಾಡಿದೆ. "ಪ್ರಯಾಣ ವೆಚ್ಚ ಸಂಘದ್ದು ಅಂತ ಒಪ್ಪಂದದಲ್ಲಿ ಇದೆಯಲ್ಲ ಸರ್, ನೋಡಿಯೇ ಸಹಿ ಹಾಕಿದ್ರಿ." ವಿಮಾನ ಟಿಕೆಟ್‌ಗಳ ರಸೀದಿ ಕೊಡಿ ಅಂದೆ. "ಅದು ನಮ್ಮ ಆಫೀಸಿನ ವಿಷಯ." ಬೇರೆ ಊರುಗಳ ಮಾತು ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಲಿಲ್ವಲ್ಲ ಸರ್." ನಾವು ಕೇಳಲಿಲ್ಲವಂತೆ! ಆಮೇಲೆ ಫೋನೇ ಎತ್ತಲಿಲ್ಲ.

ವಾರ್ಷಿಕ ಸಭೆಯಲ್ಲಿ ಲೆಕ್ಕ ಒಪ್ಪಿಸುವಾಗ ತಲೆ ಎತ್ತಲು ಆಗಲಿಲ್ಲ. ಸದಸ್ಯರು ಕೊಟ್ಟ ಚಂದಾ ಅದು, ನನ್ನ ಸ್ವಂತ ದುಡ್ಡಲ್ಲ.

ತಂಡ ಇನ್ನು ಯಾವ ಊರುಗಳಿಗೆ ಹೋಗುತ್ತದೆ ಎಂದು ಮೊದಲು ಬರೆಸಿಕೊಳ್ಳಿ. ಆ ಊರಿನ ಸಂಘಕ್ಕೆ ನೀವೇ ಫೋನ್ ಮಾಡಿ, ಏಜೆಂಟರ ಮಾತು ನಂಬಬೇಡಿ. ವಿಮಾನ ಖರ್ಚು ಊರುಗಳ ನಡುವೆ ಹಂಚಿಕೆಯಾಗಬೇಕು, ರಸೀದಿ ನೋಡಿದ ಮೇಲೆ ಹಣ ಕೊಡುತ್ತೇವೆ ಅಂತ ಒಪ್ಪಂದದಲ್ಲೇ ಇರಲಿ. ತಂಡ ತಡ ಮಾಡಿದರೆ ಸಭಾಂಗಣದ ಹೆಚ್ಚುವರಿ ಬಿಲ್ ಅವರದು ಅಂತಲೂ ಬರೆಸಿ. ಒಪ್ಪದಿದ್ದರೆ ಬಿಟ್ಟುಬಿಡಿ. ನಾವು ಈ ಸಲ ಯುಗಾದಿಗೆ ನಮ್ಮೂರಿನ ಮಕ್ಕಳಿಂದಲೇ ಹಾಡಿಸುತ್ತಿದ್ದೇವೆ.