ಎಂಟು ವರ್ಷದ ಮಗುವಿಗೆ ಎರಡು ಬೇಸಿಗೆ ಶಿಬಿರ: ಯಾವುದು ವಾಸಿ?

ಎರಡರಲ್ಲೂ ಈಜು, ಚಿತ್ರಕಲೆ, ಆಟ ಇವೆ. ಮೊದಲನೆಯದರ ಶುಲ್ಕ ಕಡಿಮೆ. 5ರಿಂದ 14 ವರ್ಷದವರೆಲ್ಲ ಒಂದೇ ತಂಡ. ಸುರಕ್ಷತೆ ಬಗ್ಗೆ ಇರುವುದು ಒಂದೇ ಸಾಲು: 'ನುರಿತ ಸಿಬ್ಬಂದಿ ಇದ್ದಾರೆ.'

ಎರಡನೆಯದರಲ್ಲಿ 7ರಿಂದ 9ರ ಮಕ್ಕಳಿಗೆ ಬೇರೆ ತಂಡ. ಈಜು ಕಲಿಸುವವರಲ್ಲದೆ, ದಡದಲ್ಲಿ ನಿಂತು ನೋಡಿಕೊಳ್ಳೋಕೆ ಅಂತಲೇ ಒಬ್ಬ ಜೀವರಕ್ಷಕ ಇರುತ್ತಾರೆ. ನನಗೆ ಇದೇ ದೊಡ್ಡ ವ್ಯತ್ಯಾಸ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಉಸಿರಾಡೋದೇ ಕಷ್ಟವಾಗಿರುತ್ತದೆ. ಒಂದು ಮಗುವಿನ ಕೈ ಹಿಡಿದು ಕಲಿಸುತ್ತಿರುವವರಿಗೆ ಬೆನ್ನ ಹಿಂದಿನ ಮಗು ಕಾಣುವುದಿಲ್ಲ, ಅಲ್ವಾ? ಹದಿನಾಲ್ಕರ ಹುಡುಗನಿಗೆ ಎದೆಮಟ್ಟದ ನೀರು ಎಂಟರ ಮಗುವಿಗೆ ಮೂಗಿನವರೆಗೂ ಬರಬಹುದು.

ನೋಂದಣಿ ಫಾರಂ ಕೂಡ ನೋಡಿ. ಮೊದಲನೆಯದು ಹೆಸರು, ಫೋನ್ ನಂಬರ್ ಕೇಳಿ ಸುಮ್ಮನಾಗುತ್ತದೆ. ಎರಡನೆಯದು ಅಸ್ತಮಾ, ಅಲರ್ಜಿ, ಸಂಜೆ ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ ಎಂದೂ ಕೇಳುತ್ತದೆ.

ಶುಲ್ಕ ಹೋಲಿಸುವ ಮುಂಚೆ ಈಜುಕೊಳದ ಪ್ರವೇಶ, ವಾಹನ ಎರಡನ್ನೂ ಕೂಡಿಸಿ. ಮೊದಲನೆಯದರಲ್ಲಿ ಇವು ಬೇರೆ, ಹಾಗಾಗಿ ಅಂತರ ಅಷ್ಟು ಜಾಸ್ತಿ ಉಳಿಯುವುದಿಲ್ಲ.

ನಾನಾದರೆ ಎರಡನೆಯದಕ್ಕೇ ಸೇರಿಸುತ್ತೇನೆ. ಮಗು ನೀರಿಗೆ ಇಳಿಯುವುದೇ ಇಲ್ಲ ಎಂದಾದರೆ ಮಾತ್ರ ಮೊದಲನೆಯದನ್ನು ಯೋಚಿಸಬಹುದು. ಆಗಲೂ ಈಜಿನ ಹೊತ್ತಿನಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ.