ಮೂರು ವರ್ಷ ಬಳಸಿದ ಮೇಲೆ: ಗೂಗಲ್ ಪ್ಲೇ ಇನ್-ಆ್ಯಪ್ ಅಪ್‌ಡೇಟ್

ನನ್ನದೊಂದು ಸಣ್ಣ ನೋಟ್ಸ್ ಆ್ಯಪ್ ಇದೆ. ಆ್ಯಪ್‌ನ ಒಳಗಿಂದಲೇ ಅಪ್‌ಡೇಟ್ ಮಾಡಿಸುವ ಈ ಸೌಲಭ್ಯವನ್ನು ಅದಕ್ಕೆ ಸೇರಿಸಿ ಮೂರು ವರ್ಷ ಆಯ್ತು. ಇದರಲ್ಲಿ ಎರಡು ಬಗೆ. ಫ್ಲೆಕ್ಸಿಬಲ್‌ನಲ್ಲಿ ಡೌನ್‌ಲೋಡ್ ಹಿಂದೆ ನಡೆಯುತ್ತದೆ, ಜನ ಬರೆಯುತ್ತಲೇ ಇರಬಹುದು. ಇಮಿಡಿಯೇಟ್‌ನಲ್ಲಿ ಅಪ್‌ಡೇಟ್ ಪುಟವೇ ಇಡೀ ಪರದೆ ತುಂಬುತ್ತದೆ. ಮಾಮೂಲಿ ಬಿಡುಗಡೆಗಳಿಗೆ ಫ್ಲೆಕ್ಸಿಬಲ್ ಸಾಕು.

ನಿಜವಾದ ಪರೀಕ್ಷೆ ಎದುರಾಗಿದ್ದು ವರ್ಷನ್ 41ರ ಹೊತ್ತಿಗೆ. ಒಂದೇ ನೋಟ್ ಎರಡು ಫೋನಿನಲ್ಲಿ ತೆರೆದಿದ್ದರೆ, ಸಿಂಕ್ ಆಗುವಾಗ ಖಾಲಿ ಪ್ರತಿಯೊಂದು ಸರ್ವರ್‌ಗೆ ಹೋಗಿ ಬರಹವನ್ನೇ ಅಳಿಸುತ್ತಿತ್ತು. ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿದ್ದರು: ಮೇಲೆ ಶೀರ್ಷಿಕೆ, ಕೆಳಗೆ ಬರೀ ಬಿಳಿ. ಎದೆ ಧಸಕ್ಕೆಂದಿತು. ಹುಡುಕಿದರೆ ಈ ತಪ್ಪು ಹಳೆಯ ವರ್ಷನ್‌ಗಳಲ್ಲೂ ಇತ್ತು.

ವರ್ಷನ್ 42ರಲ್ಲಿ ಸರಿಪಡಿಸಿ, inAppUpdatePriority ಅನ್ನು 5ಕ್ಕೆ ಇಟ್ಟು ಬಿಟ್ಟೆ. ಇದು ಅಪ್‌ಡೇಟ್ ಎಷ್ಟು ತುರ್ತು ಎಂದು ಹೇಳುವ, 0ಯಿಂದ 5ರವರೆಗಿನ ಸಂಖ್ಯೆ. ಏನೂ ಹೇಳದಿದ್ದರೆ 0. ಬಿಡುಗಡೆ ಮಾಡುವಾಗಲೇ ಡೆವಲಪರ್ ಎಪಿಐ ಮೂಲಕ ಕೊಡಬೇಕು, ಆಮೇಲೆ ಬದಲಿಸಲು ಆಗುವುದಿಲ್ಲ. ಆ ಸಂಖ್ಯೆ ನೋಡಿ ಏನು ಮಾಡಬೇಕು ಎನ್ನುವುದು ನಮ್ಮ ಕೋಡ್‌ಗೆ ಬಿಟ್ಟದ್ದು:

```kotlin
if (info.updatePriority() >= 5 &&
    info.isUpdateTypeAllowed(AppUpdateType.IMMEDIATE))
```

ಆದರೆ ಇಷ್ಟಕ್ಕೇ ಎಲ್ಲರೂ ಬದಲಾಗುವುದಿಲ್ಲ. ಇಮಿಡಿಯೇಟ್ ಪುಟದಲ್ಲೂ ಜನ ಹಿಂದಕ್ಕೆ ಒತ್ತಿ ಹೊರಬರಬಹುದು. ಹಂತ ಹಂತವಾಗಿ ಬಿಟ್ಟರೆ, ಸರದಿ ಬಾರದವರಿಗೆ ಅಪ್‌ಡೇಟ್ ಕಾಣಿಸುವುದೇ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಈ ಕೋಡ್ ಇಲ್ಲದ ಹಳೇ ವರ್ಷನ್ ಇಟ್ಟುಕೊಂಡವರನ್ನು ಇದು ಮುಟ್ಟುವುದಿಲ್ಲ.

ಹಾಗಾಗಿ ಬಾಗಿಲು ಹಾಕಿದ್ದು ಸರ್ವರ್ ಕಡೆಯಿಂದ. 42ಕ್ಕಿಂತ ಹಳೆಯ ಆ್ಯಪ್ ಬರಹ ಕಳಿಸಿದರೆ HTTP 426 ಎಂದು ಉತ್ತರಿಸಿ ತಿರುಗಿಸಿದೆ. ಅದೃಷ್ಟಕ್ಕೆ ನಮ್ಮ ಹಳೇ ಕೋಡ್ ಪ್ರತಿ ಬಾರಿ ತನ್ನ ವರ್ಷನ್ ನಂಬರ್ ಕಳಿಸುತ್ತಿತ್ತು. ಕಳಿಸಲು ಆಗದ ಬರಹವನ್ನು ಫೋನಿನಲ್ಲೇ ಸಾಲಿನಲ್ಲಿ ಇಟ್ಟುಕೊಳ್ಳುತ್ತಿತ್ತು ಕೂಡ. ಓದುವುದು, ಬರೆಯುವುದು ಯಾವುದನ್ನೂ ನಿಲ್ಲಿಸಲಿಲ್ಲ. ಅರ್ಧ ಬರೆದ ನೋಟ್ ಕೈಯಲ್ಲಿರುವಾಗ ಆ್ಯಪನ್ನೇ ಮುಚ್ಚಿಬಿಡುವುದು ಸರಿಯಲ್ಲ ಅಲ್ವಾ? ಅಪಾಯ ಇದ್ದದ್ದು ಸಿಂಕ್‌ನಲ್ಲಿ, ಅದಷ್ಟೇ ನಿಂತರೆ ಸಾಕಿತ್ತು.

ಒಂದು ಎಚ್ಚರಿಕೆಯನ್ನು ಮಾತ್ರ ಮೇಲ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: "ಆ್ಯಪ್ ಅಳಿಸಿ ಮತ್ತೆ ಹಾಕಬೇಡಿ, ಅಪ್‌ಡೇಟ್ ಮಾತ್ರ ಮಾಡಿ." ಅಪ್‌ಡೇಟ್ ಮಾಡಿದರೆ ಫೋನಿನಲ್ಲಿ ಕಾದಿರುವ ಬರಹ ಉಳಿಯುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಸಮಸ್ಯೆ ಬಂದಾಗ ಜನ ಮೊದಲು ಮಾಡುವುದೇ ಅಳಿಸುವ ಕೆಲಸ.

ನಾಲ್ಕು ನಕ್ಷತ್ರ ಕೊಡುತ್ತೇನೆ. ಅಪ್‌ಡೇಟ್ ಮಾಡಲು ಮನಸ್ಸಿರುವವರಿಗೆ ಇದು ದಾರಿಯನ್ನು ತುಂಬಾ ಸಲೀಸು ಮಾಡುತ್ತದೆ. ಹೊಸ ಆ್ಯಪ್ ಮಾಡುವವರು ಮೊದಲ ವರ್ಷನ್‌ನಲ್ಲೇ ಇದನ್ನೂ, ಸರ್ವರ್ ಕಡೆಯ ವರ್ಷನ್ ತಪಾಸಣೆಯನ್ನೂ ಹಾಕಿಬಿಡಿ. ತಪ್ಪು ಸಿಕ್ಕಿದ ದಿನ ಹಳೇ ಫೋನುಗಳಿಗೆ ಹೊಸದಾಗಿ ಏನನ್ನೂ ಸೇರಿಸಲು ಆಗುವುದಿಲ್ಲ.