ಲೇಸರ್ ಪ್ರಿಂಟರ್‌ನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ: ನಮ್ಮ ಶಾಲಾ ಕಚೇರಿಯಲ್ಲಿ ನಡೆದದ್ದು, ನೀವು ತಪ್ಪಿಸಬೇಕಾದದ್ದು

ಶಾಲೆ, ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಝೆರಾಕ್ಸ್ ಅಂಗಡಿಗಳಲ್ಲಿ ಗುರುತಿನ ಚೀಟಿ ಮುದ್ರಿಸುವವರು ಈ ಬರಹವನ್ನು ದಯವಿಟ್ಟು ಪೂರ್ತಿ ಓದಬೇಕೆಂದು ಕೋರುತ್ತೇನೆ. ನಮ್ಮ ಪ್ರೌಢಶಾಲೆಯ ಕಚೇರಿಯಲ್ಲಿ ಕಳೆದ ಮಳೆಗಾಲದಲ್ಲಿ ಲೇಸರ್ ಪ್ರಿಂಟರ್‌ನಿಂದ ಹೊಗೆ ಎದ್ದಿತು. ಯಾರಿಗೂ ಅಪಾಯವಾಗಲಿಲ್ಲ. ಆದರೆ ವಿದ್ಯುತ್ ಕಡಿತಗೊಂಡಿದೆ ಎಂದು ನಾವೆಲ್ಲ ನಂಬಿದ್ದಾಗಲೂ ಯಂತ್ರಕ್ಕೆ ವಿದ್ಯುತ್ ಹರಿಯುತ್ತಲೇ ಇತ್ತು ಎಂಬ ಸಂಗತಿಯನ್ನು ಎಲ್ಲರೂ ತಿಳಿದಿರಬೇಕು.

ಮಕ್ಕಳ ಗುರುತಿನ ಚೀಟಿಗಾಗಿ ಬಿಳಿ ಬಣ್ಣದ ಪಿವಿಸಿ ಶೀಟ್‌ಗಳನ್ನು ತರಿಸಲಾಗಿತ್ತು. ಇವು ಮೂಲತಃ ಇಂಕ್‌ಜೆಟ್ ಪ್ರಿಂಟರ್‌ಗೆಂದೇ ತಯಾರಾಗುವ ಶೀಟ್‌ಗಳು. ಆದರೆ ಮಾರಿದವರು "ಲೇಸರ್‌ನಲ್ಲೂ ಬರುತ್ತದೆ ಸರ್, ಎಲ್ಲ ಶಾಲೆಯವರೂ ಒಯ್ಯುತ್ತಾರೆ" ಎಂದು ಭರವಸೆ ಕೊಟ್ಟಿದ್ದರು. ಮೊದಲ ಶೀಟ್ ಒಳಗೆ ಹೋಯಿತು, ಅರ್ಧ ಹೊರಬರುವಷ್ಟರಲ್ಲಿ ನಿಂತಿತು. ಹೊರಗೆ ಕಾಣುತ್ತಿದ್ದ ಅಂಚು ಬಿಸಿಲಿಗೆ ಒಣಗಿದ ಹಪ್ಪಳದಂತೆ ಸುರುಳಿ ಸುತ್ತಿಕೊಂಡಿತ್ತು. ಪರದೆಯ ಮೇಲೆ ಪೇಪರ್ ಜಾಮ್ ಎಂಬ ಸೂಚನೆ ಬಂತು. ಕೆಲವೇ ಕ್ಷಣಗಳಲ್ಲಿ ಹಿಂಬದಿಯ ಸೀಳುಗಳಿಂದ ತೆಳುವಾದ ಬಿಳಿ ಹೊಗೆ ಎದ್ದು, ಕಣ್ಣು ಉರಿಯುವ, ಗಂಟಲು ಹಿಡಿಯುವ ಗಾಢ ವಾಸನೆ ಕೋಣೆಯನ್ನು ತುಂಬಿತು.

ನಮ್ಮ ಗುಮಾಸ್ತರು ತಕ್ಷಣ ಗೋಡೆಯ ಸ್ವಿಚ್ ಆರಿಸಿದರು. ಅದು ಸರಿಯಾದ ಪ್ರತಿಕ್ರಿಯೆಯೇ. ಆದರೆ ಪ್ರಿಂಟರ್‌ನ ವೈರ್ ಗೋಡೆಗೆ ಹೋಗುತ್ತಿರಲಿಲ್ಲ. ಅದನ್ನು ಮೇಜಿನ ಕೆಳಗಿದ್ದ ಯುಪಿಎಸ್‌ಗೆ ಜೋಡಿಸಲಾಗಿತ್ತು, ಆ ಸ್ವಿಚ್ ಆರಿಸಿದೊಡನೆ ಯುಪಿಎಸ್ ಬೀಪ್ ಬೀಪ್ ಎನ್ನುತ್ತಾ ಬ್ಯಾಟರಿಯಿಂದ ವಿದ್ಯುತ್ ಕೊಡಲಾರಂಭಿಸಿತು. ಪ್ರಿಂಟರ್‌ನ ದೀಪ ಉರಿಯುತ್ತಲೇ ಇತ್ತು. ಇದನ್ನು ಗಮನಿಸಿದ ವಿಜ್ಞಾನ ಶಿಕ್ಷಕಿಯೊಬ್ಬರು ಯುಪಿಎಸ್‌ನ ಗುಂಡಿಯನ್ನು ಒತ್ತಿ ಹಿಡಿದು ಅದನ್ನೇ ಆರಿಸಿದ ಮೇಲೆಯೇ ಎಲ್ಲವೂ ನಿಂತಿತು. ನಂತರ ಕಿಟಕಿಗಳನ್ನು ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ, ಪಕ್ಕದ ಕೋಣೆಯ ಮಕ್ಕಳನ್ನು ಮೈದಾನದ ಕಡೆಗೆ ಕರೆದೊಯ್ದರು.

ಆದ್ದರಿಂದ ಮೊದಲ ಹೆಜ್ಜೆಯನ್ನು ಸ್ಪಷ್ಟವಾಗಿ ಹೇಳುತ್ತೇನೆ. ಪ್ರಿಂಟರ್‌ನ ಮುಂಭಾಗದ ಪವರ್ ಗುಂಡಿಯನ್ನು ನಂಬಬೇಡಿ. ಬಹುತೇಕ ಯಂತ್ರಗಳಲ್ಲಿ ಆ ಗುಂಡಿ ಯಂತ್ರವನ್ನು ಮಲಗಿಸುತ್ತದೆಯೇ ಹೊರತು ಒಳಗಿನ ಪವರ್ ಸಪ್ಲೈಗೆ ಬರುವ 230 ವೋಲ್ಟ್ ಅನ್ನು ಕಡಿಯುವುದಿಲ್ಲ. ವೈರ್ ಎಲ್ಲಿಗೆ ಹೋಗಿದೆ ಎಂಬುದನ್ನು ಕಣ್ಣಿನಿಂದ ಹಿಂಬಾಲಿಸಿ ನೋಡಿ, ಅದು ಸೇರುವ ಜಾಗದಲ್ಲಿ ವಿದ್ಯುತ್ ಕಡಿಯಿರಿ. ಗೋಡೆಯ ಸಾಕೆಟ್ ಆದರೆ ಆ ಸ್ವಿಚ್ ಆರಿಸಿ ಪ್ಲಗ್ ಕೀಳಿ. ಯುಪಿಎಸ್ ಆದರೆ ಯುಪಿಎಸ್ ಅನ್ನೇ ಆರಿಸಿ. ಪ್ಲಗ್ ಅಥವಾ ಸಾಕೆಟ್ ಬಿಸಿಯಾಗಿದ್ದರೆ, ಕಂದಿದ್ದರೆ, ಚಟಪಟ ಸದ್ದು ಮಾಡುತ್ತಿದ್ದರೆ ಅದನ್ನು ಮುಟ್ಟದೆ, ಮುಖ್ಯ ಬೋರ್ಡ್‌ನಲ್ಲಿ ಆ ಕೋಣೆಯ ಎಂಸಿಬಿಯನ್ನು ಕೆಳಗಿಳಿಸಿ. ಕೈ ಒದ್ದೆಯಾಗಿದ್ದರೆ ಯಾವುದನ್ನೂ ಮುಟ್ಟಬಾರದು.

ಎರಡನೆಯದು, ಮುಚ್ಚಳವನ್ನು ತೆರೆಯದಿರುವುದು. ಸಿಕ್ಕಿಕೊಂಡ ಹಾಳೆಯನ್ನು ಎಳೆದುಬಿಡೋಣ ಎಂದು ಯಾರಿಗಾದರೂ ಅನಿಸುವುದು ಸಹಜ, ಆದರೆ ಆ ಕ್ಷಣದಲ್ಲಿ ಅದು ಅತ್ಯಂತ ಕೆಟ್ಟ ಆಲೋಚನೆ. ಒಳಗೆ ಹೊಗೆಯಾಡುತ್ತಿರುವುದಕ್ಕೆ ಹೊಸ ಗಾಳಿ ಸಿಕ್ಕರೆ ಜ್ವಾಲೆ ಏಳಬಹುದು, ಹೊಗೆ ನೇರವಾಗಿ ಮುಖಕ್ಕೆ ಬಡಿಯುತ್ತದೆ, ಕೈಗೆ ಸುಟ್ಟ ಗಾಯವಾಗುತ್ತದೆ. ಜ್ವಾಲೆ ಕಾಣಿಸಿದರೆ ನೀರು ಹಾಕಬೇಡಿ. ಬೆಂಕಿ ಇನ್ನೂ ಸಣ್ಣದಾಗಿದ್ದು, ಹೊರಹೋಗುವ ಬಾಗಿಲು ನಿಮ್ಮ ಬೆನ್ನ ಹಿಂದೆ ಇದ್ದರೆ ಮಾತ್ರ ಕಾರ್ಬನ್ ಡೈಆಕ್ಸೈಡ್ ಅಥವಾ ಒಣ ಪುಡಿಯ ಅಗ್ನಿಶಾಮಕವನ್ನು ಬಳಸಿ. ಇಲ್ಲವಾದರೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡು, 112ಕ್ಕೆ ಕರೆ ಮಾಡಿ. ಬರೀ ಹೊಗೆಯಿದ್ದು ಅದು ಕಡಿಮೆಯಾಗುತ್ತಾ ಬಂದರೂ ಕನಿಷ್ಠ ಒಂದು ಗಂಟೆ ಯಂತ್ರವನ್ನು ಹಾಗೆಯೇ ಬಿಟ್ಟು, ಆಗಾಗ ಬಾಗಿಲಿನಿಂದಲೇ ಗಮನಿಸುತ್ತಿರಿ.

ಹೊಗೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪಿವಿಸಿ ಅತಿಯಾಗಿ ಕಾದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಹೊರಬರುತ್ತದೆ. ಅದು ಕಣ್ಣು, ಮೂಗು, ಗಂಟಲಿನ ತೇವಕ್ಕೆ ತಗುಲಿದಾಗ ಆಮ್ಲವಾಗುತ್ತದೆ, ಆ ಉರಿಗೆ ಇದೇ ಕಾರಣ. ಯಾವ ಪ್ಲಾಸ್ಟಿಕ್ ಸುಡುತ್ತಿದೆ ಎಂದು ತಿಳಿಯಲು ಹತ್ತಿರ ಹೋಗಿ ಮೂಸಿ ನೋಡುವುದು ಬೇಡ. ಕಣ್ಣು ಉರಿದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಅಸ್ತಮಾ ಇರುವವರನ್ನು ಮೊದಲು ಹೊರಗೆ ಕಳಿಸಿ. ಹೊಗೆ ಕುಡಿದವರಿಗೆ ಕೆಮ್ಮು ನಿಲ್ಲದಿದ್ದರೆ ಅಥವಾ ಕೆಲವು ಗಂಟೆಗಳ ಬಳಿಕ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಮರುದಿನ ಬಂದ ತಂತ್ರಜ್ಞರು ಹಿಂಬದಿಯ ಬಾಗಿಲು ತೆರೆದು ತೋರಿಸಿದಾಗ ಕಾರಣ ಕಣ್ಣಿಗೆ ಕಾಣುವಂತಿತ್ತು. ಲೇಸರ್ ಪ್ರಿಂಟರ್‌ನಲ್ಲಿ ಟೋನರ್ ಎಂಬ ಪುಡಿ ಮೊದಲು ಹಾಳೆಯ ಮೇಲೆ ಸುಮ್ಮನೆ ಕೂರುತ್ತದೆ. ಫ್ಯೂಸರ್ ಎಂಬ ಭಾಗ ಅದನ್ನು ಕರಗಿಸಿ ಒತ್ತಿ ಅಂಟಿಸುತ್ತದೆ. ಟೋನರ್ ಕೂಡ ಬಹುಪಾಲು ಪ್ಲಾಸ್ಟಿಕ್ಕೇ, ಅದನ್ನು ಕರಗಿಸಲು ಫ್ಯೂಸರ್ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಪಿವಿಸಿ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ನಮ್ಮ ಶೀಟ್ ಫ್ಯೂಸರ್‌ನ ತೆಳು ಕೊಳವೆಯಂಥ ಹೊದಿಕೆಗೆ ಅಂಟಿ, ಅದರೊಂದಿಗೆ ಸುತ್ತಿಕೊಂಡು, ಹಳದಿ ತಿರುಗಿದ ಗಟ್ಟಿ ಪದರವಾಗಿ ಕೂತಿತ್ತು. ಹೊದಿಕೆ ಒಂದು ಬದಿಯಲ್ಲಿ ಹರಿದಿತ್ತು. ಜಾಮ್ ಆದ ಕೂಡಲೇ ಯಂತ್ರ ತಾನಾಗಿ ಹೀಟರ್ ಆರಿಸುತ್ತದೆ, ಆದರೆ ಅದುವರೆಗೆ ಸಂಗ್ರಹವಾದ ಶಾಖವೇ ಹೊಗೆಗೆ ಸಾಕಾಯಿತು ಎಂದು ಅವರು ವಿವರಿಸಿದರು. ಅಂಟಿದ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಕೆರೆಯಬಹುದೇ ಎಂದು ಕೇಳಿದೆವು. ಕೆರೆದರೆ ಹೊದಿಕೆಗೆ ಗೀರು ಬಿದ್ದು, ಉಳಿದ ಚೂರು ಮತ್ತೆ ಸುಡುತ್ತದೆ, ಫ್ಯೂಸರ್ ಜೋಡಣೆಯನ್ನೇ ಬದಲಿಸಬೇಕು ಎಂದರು. ಹಾಗೆಯೇ ಮಾಡಿದೆವು. ಖಾಲಿ ಹಾಳೆಗಳನ್ನು ಓಡಿಸಿದರೆ ಪ್ಲಾಸ್ಟಿಕ್ ತಾನಾಗಿ ಅಂಟಿಕೊಂಡು ಬರುತ್ತದೆ ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ ಒಪ್ಪಬೇಡಿ, ಏಕೆಂದರೆ ಯಂತ್ರ ಮತ್ತೆ ಕಾದೊಡನೆ ಹೊಗೆಯೂ ಮರಳುತ್ತದೆ.

ಫ್ಯೂಸರ್‌ಗೆ ಹೊರಗಿನಿಂದ ಪ್ಲಾಸ್ಟಿಕ್ ಹೋಗದಿದ್ದರೂ ಅದು ಅತಿಯಾಗಿ ಕಾಯುವುದುಂಟು. ಅದರ ಶಾಖವನ್ನು ಅಳೆಯುವ ಥರ್ಮಿಸ್ಟರ್ ಎಂಬ ಸಣ್ಣ ಸಂವೇದಕದ ಮೇಲೆ ಟೋನರ್ ಮತ್ತು ಧೂಳು ಗಟ್ಟಿಯಾಗಿ ಕೂತರೆ ಅದು ನಿಜವಾದ ಶಾಖಕ್ಕಿಂತ ಕಡಿಮೆ ತೋರಿಸಬಹುದು, ಆಗ ಯಂತ್ರ ಇನ್ನಷ್ಟು ಕಾಯಿಸುತ್ತದೆ. ಇದಕ್ಕೆಂದೇ ಶಾಖ ಮಿತಿಮೀರಿದಾಗ ವಿದ್ಯುತ್ ಕಡಿಯುವ ಥರ್ಮಲ್ ಫ್ಯೂಸ್ ಅಥವಾ ಥರ್ಮೋಸ್ಟಾಟ್ ಇರುತ್ತದೆ. ಅದು ಒಮ್ಮೆ ಕಡಿದ ಮೇಲೆ ಪ್ರಿಂಟರ್ ಫ್ಯೂಸರ್ ದೋಷ ಎಂದು ತೋರಿಸಿ ನಿಲ್ಲುತ್ತದೆ. ಅಗ್ಗವಾಗಿ ರಿಪೇರಿ ಮಾಡಿಕೊಡುವುದಾಗಿ ಹೇಳಿ ಆ ರಕ್ಷಣೆಯನ್ನು ತಂತಿಯಿಂದ ನೇರ ಜೋಡಿಸುವವರಿದ್ದರೆ ಅವರ ಕೈಗೆ ಯಂತ್ರ ಕೊಡಬೇಡಿ. ಮುಂದಿನ ಬಾರಿ ಬೆಂಕಿಯನ್ನು ತಡೆಯಲು ಒಳಗೆ ಏನೂ ಉಳಿದಿರುವುದಿಲ್ಲ.

ಉಳಿದ ಕಾರಣಗಳು ವಿದ್ಯುತ್ತಿನ ಕಡೆಯವು. ಹಾಳೆ ಹೊರಬರುವ ಜಾಗದಿಂದಲ್ಲದೆ, ವೈರ್ ಸೇರುವ ಮೂಲೆಯಿಂದ ವಾಸನೆ ಬರುತ್ತಿದ್ದರೆ, ಮುದ್ರಣ ನಡೆಯದಿರುವಾಗಲೂ ಬರುತ್ತಿದ್ದರೆ, ಅನುಮಾನ ಪವರ್ ಸಪ್ಲೈ ಮೇಲೆ. ಕೆಟ್ಟ ಕೆಪಾಸಿಟರ್ ಕೆಲವೊಮ್ಮೆ ಮೀನಿನಂಥ ವಾಸನೆ ಕೊಡುತ್ತದೆ. ನಮ್ಮಲ್ಲಿ ಹಲ್ಲಿ, ಜಿರಲೆ ಬೆಚ್ಚಗಿನ ಪವರ್ ಸಪ್ಲೈ ಒಳಗೆ ಸೇರಿ ಶಾರ್ಟ್ ಆಗುವುದೂ ಅಪರೂಪವಲ್ಲ. ಆ ಭಾಗವನ್ನು ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅಲ್ಲಿ ಅಪಾಯಕಾರಿ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರಬಹುದು.

ನಮ್ಮ ಪ್ರಿಂಟರ್‌ನ ಪ್ಲಗ್ಗಿನ ಒಂದು ಪಿನ್ ಸುತ್ತ ಕಂದು ಕಲೆಯಿದ್ದುದನ್ನೂ ತಂತ್ರಜ್ಞರು ತೋರಿಸಿದರು. ಅದು ಅಂದಿನ ಹೊಗೆಗೆ ಕಾರಣವಲ್ಲ, ಮುಂದೊಂದು ದಿನ ಆಗಬಹುದಾಗಿದ್ದ ಹೊಗೆಯ ಗುರುತು. ಫ್ಯೂಸರ್ ಕಾಯುವಾಗ ಲೇಸರ್ ಪ್ರಿಂಟರ್ ಕೆಲವು ಕ್ಷಣ ಸುಮಾರು 1000 ವ್ಯಾಟ್‌ವರೆಗೂ ಎಳೆಯಬಹುದು, ಅಂದರೆ 4 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು. ಬಿಗಿಯಾದ 6 ಆಂಪಿಯರ್ ಸಾಕೆಟ್‌ಗೆ ಅದು ಭಾರವಲ್ಲ. ಸಡಿಲವಾದ ಸಾಕೆಟ್‌ನಲ್ಲಿ, ಅಥವಾ ನೀರು ಕಾಯಿಸುವ ಕೆಟಲ್ ಜೊತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿ, ಪ್ರತಿ ಮುದ್ರಣಕ್ಕೂ ಸಂಪರ್ಕದ ಜಾಗ ಸ್ವಲ್ಪ ಸ್ವಲ್ಪ ಸುಡುತ್ತಾ ಹೋಗುತ್ತದೆ. ಯುಪಿಎಸ್‌ಗೆ ಜೋಡಿಸಬಾರದು ಎನ್ನುವುದಕ್ಕೂ ಇದೇ ಲೆಕ್ಕ ಕಾರಣ: ಕಂಪ್ಯೂಟರ್ ಪಕ್ಕದಲ್ಲಿ ಸಾಮಾನ್ಯವಾಗಿ ಇಡುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್ ಮಾತ್ರ. ಈಗ ನಮ್ಮ ಪ್ರಿಂಟರ್ ನೇರವಾಗಿ ಗೋಡೆಯ ಹೊಸ ಸಾಕೆಟ್‌ಗೆ ಸೇರಿದೆ, ಆ ಸ್ವಿಚ್ಚಿನ ಮೇಲೆ "ಪ್ರಿಂಟರ್" ಎಂದು ಬರೆದು ಅಂಟಿಸಲಾಗಿದೆ.

ಎಲ್ಲ ಹೊಗೆಯೂ ಹೊಗೆಯಲ್ಲ ಎಂಬುದನ್ನೂ ಹೇಳದಿದ್ದರೆ ಮಲೆನಾಡು, ಕರಾವಳಿಯವರಿಗೆ ಅನ್ಯಾಯವಾಗುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಕಾಗದ ಫ್ಯೂಸರ್ ಮೂಲಕ ಹಾದಾಗ ಹಾಳೆಯೊಂದಿಗೆ ಬಿಳಿ ಆವಿ ಹೊರಬರುತ್ತದೆ. ಅದಕ್ಕೆ ಸುಟ್ಟ ವಾಸನೆ ಇರುವುದಿಲ್ಲ, ಹಾಳೆ ಬರುವಾಗ ಮಾತ್ರ ಕಾಣಿಸಿ ತಕ್ಷಣ ಕರಗುತ್ತದೆ, ಹೊಸ ಪ್ಯಾಕ್ ಒಡೆದು ಒಣ ಕಾಗದ ಹಾಕಿದರೆ ನಿಲ್ಲುತ್ತದೆ. ಹೊಸ ಪ್ರಿಂಟರ್ ಅಥವಾ ಹೊಸ ಫ್ಯೂಸರ್ ಮೊದಲು ಕಾದಾಗಲೂ ಮಂದವಾದ ವಾಸನೆ ಬಂದು ಬೇಗ ಹೋಗುತ್ತದೆ. ಕಣ್ಣು ಉರಿಸುವ, ಹೆಚ್ಚುತ್ತಾ ಹೋಗುವ, ಮುದ್ರಣ ನಿಂತ ಮೇಲೂ ಉಳಿಯುವ ವಾಸನೆ ಈ ಎರಡೂ ಅಲ್ಲ. ಅನುಮಾನವಿದ್ದರೆ ವಿದ್ಯುತ್ ಕಡಿದು ನಿಂತ ಮೇಲೆ ಯೋಚಿಸಿ.

ಶೀಟ್ ಕೊಳ್ಳುವಾಗ ಅಂಗಡಿಯವರ ಮಾತಿನ ಬದಲು ಪ್ಯಾಕೆಟ್ ಮೇಲಿನ ಬರಹವನ್ನು ಓದಿ. ಲೇಸರ್ ಪ್ರಿಂಟರ್‌ಗೆ ಎಂದು ಅಚ್ಚಾಗಿಲ್ಲದ ಪ್ಲಾಸ್ಟಿಕ್ ಹಾಳೆ, ಸ್ಟಿಕರ್, ಪಾರದರ್ಶಕ ಶೀಟ್ ಯಾವುದೂ ಲೇಸರ್‌ನೊಳಗೆ ಹೋಗಬಾರದು. ಲೇಸರ್‌ಗೆಂದು ಬರುವ ಪಾಲಿಯೆಸ್ಟರ್ ಶೀಟ್‌ಗಳು ಫ್ಯೂಸರ್ ಶಾಖವನ್ನು ತಡೆಯುತ್ತವೆ, ಕೈಗೆ ಹೆಚ್ಚುಕಡಿಮೆ ಒಂದೇ ರೀತಿ ಅನಿಸಿದರೂ ಪಿವಿಸಿ ತಡೆಯುವುದಿಲ್ಲ. ಮಾರಾಟಗಾರರಿಗೆ ಸುಟ್ಟ ಫ್ಯೂಸರ್‌ನ ಚಿತ್ರ ಕಳಿಸಿದ ಮೇಲೆ ಅವರು ಉಳಿದ ಶೀಟ್‌ಗಳನ್ನು ವಾಪಸ್ ಪಡೆದರು, ಫ್ಯೂಸರ್ ಖರ್ಚು ಮಾತ್ರ ಶಾಲೆಯ ಮೇಲೆಯೇ ಬಿತ್ತು. ಗುರುತಿನ ಚೀಟಿಗಳನ್ನು ನಾವು ಕೊನೆಗೆ ಸಾಮಾನ್ಯ ದಪ್ಪ ಕಾಗದದ ಮೇಲೆ ಅದೇ ಪ್ರಿಂಟರ್‌ನಲ್ಲಿ ಮುದ್ರಿಸಿ, ಕತ್ತರಿಸಿ, ಆಮೇಲೆ ಲ್ಯಾಮಿನೇಷನ್ ಮಾಡಿಸಿದೆವು.